ರಕ್ತ ಪರೀಕ್ಷೆಗೆ ಮೊದಲು ಬರೆಯಬೇಕಾದ ಇಮೇಲ್

"ನಮಸ್ತೆ ಸರ್, ನಾನು ಎಂ.ಎಸ್ಸಿ. ಎರಡನೇ ವರ್ಷದ ವಿದ್ಯಾರ್ಥಿನಿ. ಪ್ರೌಢಶಾಲೆ ಹೆಣ್ಣುಮಕ್ಕಳ ರಕ್ತಹೀನತೆ ಬಗ್ಗೆ ಪ್ರಾಜೆಕ್ಟ್ ಮಾಡುತ್ತಿದ್ದೇನೆ. ಸ್ಯಾಂಪಲ್ ಸೈಜ್ ಎಷ್ಟಿರಬೇಕು, ಯಾವ ಟೆಸ್ಟ್ ಹಾಕಬೇಕು, ದಯವಿಟ್ಟು ತಿಳಿಸಿ. ಸೋಮವಾರದಿಂದ ಡೇಟಾ ತೆಗೆಯಲು ಹೋಗಬೇಕು, ಸ್ವಲ್ಪ ಬೇಗ ಹೇಳಿ ಸರ್."

ಸಂಖ್ಯಾಶಾಸ್ತ್ರ ಕಲಿಸುವವರಿಗೆ ಇಂಥ ಇಮೇಲ್ ಬರುವುದು ಹೊಸದಲ್ಲ. ಬರೆದವರಲ್ಲಿ ವಿನಯಕ್ಕೇನೂ ಕೊರತೆಯಿಲ್ಲ. ಆದರೆ ಇದನ್ನು ಓದಿದವರು ಪ್ರಾಮಾಣಿಕವಾಗಿ ಕೊಡಬಹುದಾದ ಉತ್ತರ ಇನ್ನಷ್ಟು ಪ್ರಶ್ನೆಗಳು ಮಾತ್ರ. ಯಾವುದನ್ನು ಯಾವುದರ ಜೊತೆ ಹೋಲಿಸುತ್ತೀರಿ? ಏನನ್ನು ಅಳೆಯುತ್ತೀರಿ, ಎಷ್ಟು ಸಲ? ಎಷ್ಟು ವ್ಯತ್ಯಾಸ ಕಂಡರೆ ಅದು ನಿಮಗೆ ಮುಖ್ಯ? ಇವುಗಳಿಗೆ ಉತ್ತರ ಹೋಗಿ ಬರುವಷ್ಟರಲ್ಲಿ ಆ ಸೋಮವಾರ ಕಳೆದಿರುತ್ತದೆ, ವಿದ್ಯಾರ್ಥಿನಿ ಶಾಲೆಗೆ ಹೋಗಿ ಅರ್ಧ ಮಕ್ಕಳ ಬೆರಳಿಗೆ ಸೂಜಿ ಚುಚ್ಚಿ ಬಂದಿರುತ್ತಾಳೆ. ಪ್ರಶ್ನೆಗಳ ಕಾಟ ಬೇಡವೆನಿಸಿದ ಕೆಲವರು ಒಂದು ಸಂಖ್ಯೆ ಬರೆದು ಕಳಿಸಿಬಿಡುತ್ತಾರೆ. ಅದು ಇನ್ನೂ ಕೆಟ್ಟದ್ದು. ಆ ಸಂಖ್ಯೆಗೆ ಯಾವ ಆಧಾರವೂ ಇರುವುದಿಲ್ಲ, ಆದರೆ ಸಿನಾಪ್ಸಿಸ್‌ನಲ್ಲಿ ಅದು ತಜ್ಞರ ಮಾತಾಗಿ ಕೂತುಬಿಡುತ್ತದೆ.

ಬ್ರಿಟನ್ನಿನ ಸಂಖ್ಯಾಶಾಸ್ತ್ರಜ್ಞ ಆರ್.ಎ. ಫಿಶರ್ 1938ರಲ್ಲಿ ಕಲ್ಕತ್ತೆಗೆ ಬಂದಿದ್ದಾಗ, ಇಲ್ಲಿನ ಮೊದಲ ಸಂಖ್ಯಾಶಾಸ್ತ್ರ ಸಮ್ಮೇಳನದ ಅಧ್ಯಕ್ಷ ಭಾಷಣದಲ್ಲಿ ಇದೇ ವಿಷಯ ಎತ್ತಿದ್ದರು. ಪ್ರಯೋಗ ಮುಗಿದ ಮೇಲೆ ಸಲಹೆಗೆ ಬರುವುದೆಂದರೆ ಶವಪರೀಕ್ಷೆ ಮಾಡಿಸಿದ ಹಾಗೆ, ಪ್ರಯೋಗ ಏತರಿಂದ ಸತ್ತಿತೆಂದು ಹೇಳಬಹುದೇ ಹೊರತು ಬದುಕಿಸಲಾಗದು ಎಂಬುದು ಅವರ ಮಾತಿನ ತಾತ್ಪರ್ಯ. ನನ್ನ ಮಟ್ಟಿಗೆ, ಮೊದಲೇ ಬಂದರೂ ಏನೂ ತಿಳಿಸದೆ ಬಂದರೆ ಅದರಿಂದಾಗುವ ಪ್ರಯೋಜನ ಅಷ್ಟಕ್ಕಷ್ಟೆ. ಹಾಗಾಗಿ ಇಮೇಲ್‌ನಲ್ಲಿ ಏನು ಬರೆಯಬೇಕು ಎಂಬುದನ್ನು ಒಂದು ಉದಾಹರಣೆ ಹಿಡಿದು ನೋಡೋಣ. ವಿದ್ಯಾರ್ಥಿನಿ, ಶಾಲೆ ಎರಡೂ ಕಲ್ಪಿತ. ಆದರೆ ಇಂಥ ಪ್ರಾಜೆಕ್ಟ್ ಕರ್ನಾಟಕದ ಯಾವುದೇ ಪೋಷಣಾ ವಿಭಾಗದಲ್ಲಿ, ನರ್ಸಿಂಗ್ ಕಾಲೇಜಿನಲ್ಲಿ, ಸಮುದಾಯ ವೈದ್ಯಕೀಯ ವಿಭಾಗದಲ್ಲಿ ನಡೆಯಬಹುದಾದದ್ದೇ.

ಎರಡು ಶಾಲೆ, ಒಂದು ಹಣ್ಣು

ಸರ್ಕಾರಿ ಶಾಲೆಗಳಲ್ಲಿ ಹದಿಹರೆಯದ ಮಕ್ಕಳಿಗೆ ವಾರಕ್ಕೊಮ್ಮೆ ನೀಲಿ ಬಣ್ಣದ ಕಬ್ಬಿಣಾಂಶದ ಮಾತ್ರೆ ಕೊಡುವ ಕಾರ್ಯಕ್ರಮ ನಡೆಯುತ್ತಿದೆ. ವಿಟಮಿನ್ ಸಿ ಜೊತೆಗಿದ್ದರೆ ಸಸ್ಯಾಹಾರದ ಕಬ್ಬಿಣಾಂಶ ಕರುಳಿನಲ್ಲಿ ಹೆಚ್ಚು ಹೀರಲ್ಪಡುತ್ತದೆ. ಸೀಬೆಹಣ್ಣಿನಲ್ಲಿ ವಿಟಮಿನ್ ಸಿ ಧಾರಾಳವಾಗಿದೆ, ನೂರು ಗ್ರಾಂಗೆ ಸುಮಾರು 200 ಮಿ.ಗ್ರಾಂ. ನಮ್ಮ ವಿದ್ಯಾರ್ಥಿನಿಗೆ ಹೊಳೆದದ್ದು ಸರಳ ವಿಚಾರ: ಮಾತ್ರೆಯ ದಿನ ಮಾತ್ರೆಯ ಜೊತೆಗೇ ಒಂದು ಸೀಬೆಹಣ್ಣು ಕೊಟ್ಟರೆ ಹೆಣ್ಣುಮಕ್ಕಳ ಹಿಮೋಗ್ಲೋಬಿನ್ ಹೆಚ್ಚು ಏರುತ್ತದೆಯೇ?

ಅವಳ ಮೊದಲ ಯೋಜನೆ ಇದು. ಚಿತ್ರದುರ್ಗ ಜಿಲ್ಲೆಯ ಎರಡು ಪ್ರೌಢಶಾಲೆಗಳನ್ನು ಆರಿಸುವುದು. ಒಂದರಲ್ಲಿ 60 ಹುಡುಗಿಯರಿಗೆ ಮಾತ್ರೆಯ ಜೊತೆ ಸೀಬೆಹಣ್ಣು, ಇನ್ನೊಂದರಲ್ಲಿ 60 ಹುಡುಗಿಯರಿಗೆ ಬರೀ ಮಾತ್ರೆ. ಆರಂಭದಲ್ಲೊಮ್ಮೆ, 16 ವಾರ ಕಳೆದ ಮೇಲೊಮ್ಮೆ ಹಿಮೋಗ್ಲೋಬಿನ್ ಅಳೆದು, ಎರಡು ಗುಂಪುಗಳನ್ನು ಟಿ-ಟೆಸ್ಟ್‌ನಿಂದ ಹೋಲಿಸುವುದು.

ಓದುವಾಗ ತಪ್ಪೇನೂ ಕಾಣುವುದಿಲ್ಲ. ತಪ್ಪಿರುವುದು "ಒಂದರಲ್ಲಿ", "ಇನ್ನೊಂದರಲ್ಲಿ" ಎಂಬ ಎರಡು ಪದಗಳಲ್ಲಿ. ಹಣ್ಣು ಹಂಚಿಕೆಯಾದದ್ದು ಹುಡುಗಿಯರಿಗಲ್ಲ, ಶಾಲೆಗಳಿಗೆ. ಒಂದು ಶಾಲೆಯ ಬಿಸಿಯೂಟದಲ್ಲಿ ಸೊಪ್ಪು ಹೆಚ್ಚಿರಬಹುದು. ಇನ್ನೊಂದರಲ್ಲಿ ಮಾತ್ರೆಯನ್ನು ಎದುರಿಗೇ ನುಂಗಿಸುವ ಶಿಸ್ತಿನ ಟೀಚರ್ ಇರಬಹುದು. ಒಂದು ಊರಿನಲ್ಲಿ ಜಂತುಹುಳುವಿನ ಮಾತ್ರೆ ಎಲ್ಲರಿಗೂ ತಲುಪಿ, ಇನ್ನೊಂದರಲ್ಲಿ ತಲುಪದೆ ಇರಬಹುದು. ಕೊನೆಯಲ್ಲಿ ಸೀಬೆಹಣ್ಣಿನ ಶಾಲೆಯ ಹಿಮೋಗ್ಲೋಬಿನ್ ಹೆಚ್ಚಾಗಿದ್ದರೆ ಅದು ಹಣ್ಣಿನಿಂದಲೋ ಶಾಲೆಯಿಂದಲೋ ಎಂದು ಬೇರ್ಪಡಿಸುವ ದಾರಿಯೇ ಇಲ್ಲ. ಪ್ರತಿ ಶಾಲೆಯಲ್ಲಿ 60ರ ಬದಲು 600 ಮಕ್ಕಳನ್ನು ತೆಗೆದುಕೊಂಡರೂ ಇಲ್ಲ. ಹೋಲಿಕೆ ನಡೆಯುತ್ತಿರುವುದು ಒಂದು ಶಾಲೆಗೂ ಇನ್ನೊಂದು ಶಾಲೆಗೂ, ಅಂದರೆ ಪ್ರತಿ ಗುಂಪಿನಲ್ಲಿರುವುದು ಒಂದೇ ಒಂದು. ಯಾವ ಸಾಫ್ಟ್‌ವೇರ್ ಆದರೂ ಈ ಅಂಕಿಗಳಿಗೆ ಒಂದು ಪಿ ವ್ಯಾಲ್ಯೂ ಕೊಟ್ಟೇ ಕೊಡುತ್ತದೆ. ಅದಕ್ಕೆ ಶಾಲೆಯ ವಿಚಾರ ಗೊತ್ತಿಲ್ಲವಲ್ಲ.

ಮೇಲಿನ ಮೊದಲ ಇಮೇಲ್ ಓದಿದ ಸಂಖ್ಯಾಶಾಸ್ತ್ರಜ್ಞರಿಗೂ ಗೊತ್ತಿಲ್ಲ. ಅದರಲ್ಲಿ ಶಾಲೆಗಳ ಮಾತೇ ಇರಲಿಲ್ಲ. ಸೂತ್ರಕ್ಕೆ ಅಂಕಿ ಹಾಕಿ "ಗುಂಪಿಗೆ 60 ಸಾಕು" ಎಂದು ಅವರು ಬರೆದಿದ್ದರೆ, ಒಂದು ವರ್ಷದ ಕೆಲಸ ಮುಗಿದ ಮೇಲಷ್ಟೇ ಈ ವಿಷಯ ಹೊರಗೆ ಬರುತ್ತಿತ್ತು.

ಯಾವಾಗ ಬರೆಯಬೇಕು

ಸಿನಾಪ್ಸಿಸ್ ಸಲ್ಲಿಸುವ ಮೊದಲು, ಎಥಿಕ್ಸ್ ಕಮಿಟಿಗೆ ಅರ್ಜಿ ಹಾಕುವ ಮೊದಲು. ಗುಂಪುಗಳಿಗೆ ಏನಾದರೊಂದನ್ನು ಕೊಟ್ಟು ಪರಿಣಾಮ ನೋಡುವ ಅಧ್ಯಯನವನ್ನು ಭಾರತದ ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿಯಲ್ಲಿ ನೋಂದಾಯಿಸಬೇಕಾಗುತ್ತದೆ. 2018ರ ಏಪ್ರಿಲ್‌ನಿಂದ ಮೊದಲ ವ್ಯಕ್ತಿಯನ್ನು ಸೇರಿಸಿಕೊಳ್ಳುವುದಕ್ಕೆ ಮುಂಚೆಯೇ ಈ ನೋಂದಣಿ ಆಗಿರಬೇಕು, ಆಮೇಲೆ ಮಾಡಿದರೆ ಒಪ್ಪುವುದಿಲ್ಲ. ಅಲ್ಲಿ ಗುಂಪು, ಸಂಖ್ಯೆ, ಮುಖ್ಯ ಅಳತೆ ಎಲ್ಲವನ್ನೂ ಬರೆದಿಡುತ್ತೀರಿ. ಒಮ್ಮೆ ಎಥಿಕ್ಸ್ ಕಮಿಟಿ ಒಪ್ಪಿದ ಮೇಲೆ ಎರಡು ಶಾಲೆಯನ್ನು ಹದಿನೆಂಟು ಶಾಲೆ ಮಾಡಬೇಕೆಂದರೆ ಮತ್ತೆ ತಿದ್ದುಪಡಿ, ಮತ್ತೆ ಸಭೆ. ಜೂನ್‌ನಲ್ಲಿ ಶಾಲೆ ಶುರುವಾದಾಗ ಕೆಲಸ ಆರಂಭಿಸುವವರು ಫೆಬ್ರವರಿ-ಮಾರ್ಚ್‌ನಲ್ಲಿ ಇಮೇಲ್ ಬರೆದರೆ ಒಳ್ಳೆಯದು. ಗೈಡ್‌ಗೆ ತಿಳಿಸಿ, ಅವರನ್ನೂ ಇಮೇಲ್‌ನ ಪ್ರತಿಗೆ ಸೇರಿಸಿ. ಗೈಡ್ ಒಂದು ಹೇಳಿ, ಸಂಖ್ಯಾಶಾಸ್ತ್ರಜ್ಞರು ಇನ್ನೊಂದು ಹೇಳಿ ವಿದ್ಯಾರ್ಥಿ ನಡುವೆ ಸಿಕ್ಕಿಕೊಳ್ಳುವ ಪರಿಸ್ಥಿತಿ ಇದರಿಂದ ತಪ್ಪುತ್ತದೆ.

ಒಳಗೆ ಏನಿರಬೇಕು

ಎಲ್ಲಕ್ಕಿಂತ ಮೊದಲು, ಅಧ್ಯಯನದ ಪ್ರಶ್ನೆಯನ್ನು ಒಂದೇ ವಾಕ್ಯದಲ್ಲಿ ಬರೆಯಿರಿ. "ಪೌಷ್ಟಿಕತೆಯ ಪಾತ್ರದ ಅಧ್ಯಯನ" ಎಂಬುದು ಪ್ರಶ್ನೆಯಲ್ಲ, ಶೀರ್ಷಿಕೆ. ಯಾರಲ್ಲಿ, ಏನು ಕೊಟ್ಟಾಗ, ಯಾವುದಕ್ಕೆ ಹೋಲಿಸಿದಾಗ, ಯಾವ ಅಳತೆ, ಎಷ್ಟು ಸಮಯದ ನಂತರ ಎಂಬ ಐದೂ ಆ ವಾಕ್ಯದಲ್ಲಿ ಬಂದರೆ ಓದುವವರಿಗೆ ಅರ್ಧ ಚಿತ್ರ ಸಿಕ್ಕಿತು. ಪೀಠಿಕೆಗೆ ಎರಡು ಸಾಲು ಸಾಕು. ರಕ್ತಹೀನತೆ ದೇಶಕ್ಕೆ ಎಂಥ ಸಮಸ್ಯೆ ಎಂದು ಎರಡು ಪುಟ ಬರೆದು, ಹಣ್ಣನ್ನು ಯಾರಿಗೆ ಹೇಗೆ ಹಂಚುತ್ತೀರಿ ಎಂಬುದಕ್ಕೆ ಅರ್ಧ ಸಾಲು ಬರೆದ ಇಮೇಲ್‌ಗಳಿಂದ ಸಹಾಯವಾಗುವುದಿಲ್ಲ.

ಆಮೇಲೆ ಬರಬೇಕಾದದ್ದು ಹಂಚಿಕೆಯ ವಿವರ. ಯಾರಿಗೆ ಯಾವುದು ಸಿಗುತ್ತದೆ ಎಂದು ಯಾರು, ಹೇಗೆ ನಿರ್ಧರಿಸುತ್ತಾರೆ? ಶಾಲೆಗೆ ಶಾಲೆಯೋ, ಸೆಕ್ಷನ್‌ಗೆ ಸೆಕ್ಷನ್ನೋ, ಒಬ್ಬೊಬ್ಬ ಹುಡುಗಿಗೋ? ಲಾಟರಿಯೋ, ಹೆಡ್‌ಮಾಸ್ಟರ್ ಒಪ್ಪಿದ ಶಾಲೆಯೋ? ಇಲ್ಲಿ ನಾಚಿಕೆ ಬೇಡ. "ಒಂದು ಶಾಲೆ ನಮ್ಮ ಊರಿನದು, ಆದ್ದರಿಂದ ಅಲ್ಲಿ ಹಣ್ಣು ಕೊಡುವುದು ಸುಲಭ" ಎಂಬುದು ನಿಜವಾದ ಕಾರಣವಾಗಿದ್ದರೆ ಅದನ್ನೇ ಬರೆಯಿರಿ. ಸಿನಾಪ್ಸಿಸ್‌ನಲ್ಲಿ ಬರೆಯುವ ಅಲಂಕಾರದ ಭಾಷೆ ಇಲ್ಲಿಗೆ ಸಲ್ಲದು. ನೀವು ಮುಚ್ಚಿಟ್ಟ ಅನುಕೂಲವೇ ಮುಂದೆ ವಿಶ್ಲೇಷಣೆಯನ್ನು ಕೆಡಿಸುವುದು.

ಅಳತೆಯ ಬಗ್ಗೆಯೂ ಅಷ್ಟೇ ಬಿಚ್ಚಿ ಬರೆಯಬೇಕು. "ಹಿಮೋಗ್ಲೋಬಿನ್ ಅಳೆಯುತ್ತೇನೆ" ಎಂದರೆ ಸಾಲದು. ಯಾವ ಉಪಕರಣ, ಬೆರಳಿನ ರಕ್ತವೋ ರಕ್ತನಾಳದ್ದೋ, ಯಾರು ಅಳೆಯುತ್ತಾರೆ, ಎರಡೂ ಸಲ ಅದೇ ಉಪಕರಣವೇ? ಬೆರಳನ್ನು ಜೋರಾಗಿ ಹಿಂಡಿದರೆ ಅಂಗಾಂಶದ ದ್ರವ ಬೆರೆತು ಓದು ಕಡಿಮೆ ಬರಬಹುದು. ಒಬ್ಬಳು ಹಿಂಡುವವಳು, ಇನ್ನೊಬ್ಬಳು ಹಿಂಡದವಳು ಆಗಿ, ಇಬ್ಬರೂ ಒಂದೊಂದು ಶಾಲೆ ಹಂಚಿಕೊಂಡರೆ ಹಣ್ಣಿನ ಪರಿಣಾಮದ ಹೆಸರಿನಲ್ಲಿ ಕೈಯ ಪರಿಣಾಮ ಅಳೆದಂತಾಗುತ್ತದೆ. ಯಾರಿಗೆ ಹಣ್ಣು ಸಿಕ್ಕಿತೆಂದು ಅಳೆಯುವವರಿಗೆ ತಿಳಿದಿರುತ್ತದೆಯೇ ಎಂಬುದನ್ನೂ ಬರೆಯಿರಿ.

ಮಕ್ಕಳ ಆಯ್ಕೆ ಮೊದಲ ಓದಿನ ಮೇಲೆ ನಿಂತಿದ್ದರೆ ಅದನ್ನಂತೂ ಮರೆಯಲೇಬಾರದು. 12 ಗ್ರಾಂಗಿಂತ ಕಡಿಮೆ ಇರುವವರನ್ನು ಮಾತ್ರ ತೆಗೆದುಕೊಳ್ಳುತ್ತೇನೆ ಎನ್ನುವವರು ಬಹಳ. ಅಳತೆಯಲ್ಲಿ ಸ್ವಲ್ಪ ಏರುಪೇರು ಇದ್ದೇ ಇರುತ್ತದೆ. ಅಂದು ಆಕಸ್ಮಿಕವಾಗಿ ಕಡಿಮೆ ಬಂದವರೆಲ್ಲ ಈ ಜರಡಿಯಲ್ಲಿ ಉಳಿದುಕೊಳ್ಳುತ್ತಾರೆ. ಎರಡನೇ ಸಲ ಅಳೆದಾಗ, ಏನೂ ಕೊಡದಿದ್ದರೂ, ಅವರ ಸರಾಸರಿ ಒಂದಿಷ್ಟು ಮೇಲೆ ಬರುತ್ತದೆ. "ಮೊದಲು 10.8 ಇತ್ತು, ಈಗ 11.3 ಆಯಿತು" ಎಂಬ ಸಂತೋಷದಲ್ಲಿ ಎಷ್ಟು ಪಾಲು ಇದರದ್ದು ಎಂದು ಹೋಲಿಕೆಯ ಗುಂಪಿಲ್ಲದೆ ಹೇಳಲಾಗದು.

ಕೊನೆಗೆ, ನಿಮ್ಮ ಕ್ಷೇತ್ರ ಬಲ್ಲವರು ಮಾತ್ರ ಹೇಳಬಹುದಾದ ಒಂದು ಅಂಕಿ ಬೇಕು. ಎಷ್ಟು ವ್ಯತ್ಯಾಸವಾದರೆ ಅದು ಗಣನೀಯ? ಇದನ್ನು ಸಂಖ್ಯಾಶಾಸ್ತ್ರಜ್ಞರ ತಲೆಗೆ ಕಟ್ಟುವುದು ಸರಿಯಲ್ಲ. 0.1 ಗ್ರಾಂ ಏರಿಕೆಗೆ ವರ್ಷವಿಡೀ ಹಣ್ಣು ಹಂಚುವುದು ಯೋಗ್ಯವೇ ಎಂದು ಪೋಷಣೆ ಓದಿದವರು ಹೇಳಬೇಕು. ಜೊತೆಗೆ ಅದೇ ವಯಸ್ಸಿನ ಮಕ್ಕಳಲ್ಲಿ ಹಿಮೋಗ್ಲೋಬಿನ್ ಎಷ್ಟು ಹರಡಿಕೊಂಡಿರುತ್ತದೆ, ಅಂದರೆ ಮಾನಕ ವಿಚಲನೆ ಎಷ್ಟು ಎಂಬುದನ್ನು ಹಳೆಯ ಪ್ರಬಂಧಗಳಿಂದಲೋ ವಿಭಾಗದ ಹಿಂದಿನ ಥೀಸಿಸ್‌ನಿಂದಲೋ ಹುಡುಕಿ, ಎಲ್ಲಿಂದ ತೆಗೆದಿರಿ ಎಂದೂ ತಿಳಿಸಿ.

ಮಾದರಿ ಇಮೇಲ್

ಇಷ್ಟೆಲ್ಲ ಸೇರಿ ಒಂದು ಪುಟ ದಾಟಬಾರದು. ನಮ್ಮ ವಿದ್ಯಾರ್ಥಿನಿ ಬರೆಯಬೇಕಿದ್ದದ್ದು ಹೀಗೆ.

ವಿಷಯ: ವಿನ್ಯಾಸದ ಬಗ್ಗೆ ಸಲಹೆ ಬೇಕು, ಹಿಮೋಗ್ಲೋಬಿನ್ ಅಧ್ಯಯನ (ಡೇಟಾ ಸಂಗ್ರಹ ಇನ್ನೂ ಶುರುವಾಗಿಲ್ಲ)

ಮಾನ್ಯ ಮೇಡಂ ಅವರಿಗೆ ನಮಸ್ಕಾರ. ನಾನು ಆಹಾರ ಮತ್ತು ಪೋಷಣೆ ವಿಭಾಗದ ಎಂ.ಎಸ್ಸಿ. ವಿದ್ಯಾರ್ಥಿನಿ. ನನ್ನ ಗೈಡ್ ಈ ಇಮೇಲ್‌ನ ಪ್ರತಿಯಲ್ಲಿದ್ದಾರೆ. ಸಿನಾಪ್ಸಿಸ್ ಏಪ್ರಿಲ್ 20ಕ್ಕೆ ಕೊಡಬೇಕು, ಶಾಲೆಯಲ್ಲಿ ಕೆಲಸ ಜೂನ್ ಮಧ್ಯದಿಂದ.

ಪ್ರಶ್ನೆ: 13ರಿಂದ 15 ವರ್ಷದ ಹುಡುಗಿಯರಿಗೆ ವಾರದ ಕಬ್ಬಿಣದ ಮಾತ್ರೆಯ ಜೊತೆ 100 ಗ್ರಾಂ ಸೀಬೆಹಣ್ಣು ಕೊಟ್ಟರೆ, ಬರೀ ಮಾತ್ರೆ ಪಡೆದವರಿಗಿಂತ 16 ವಾರಗಳ ನಂತರ ಹಿಮೋಗ್ಲೋಬಿನ್ ಹೆಚ್ಚಿರುತ್ತದೆಯೇ?

ಯೋಜನೆ: ಎರಡು ಸರ್ಕಾರಿ ಪ್ರೌಢಶಾಲೆಗಳು, 8 ಮತ್ತು 9ನೇ ತರಗತಿ. ಎರಡರಲ್ಲೂ ಸೇರಿ ಸುಮಾರು 140 ಹುಡುಗಿಯರಿದ್ದಾರೆ, 120 ಮನೆಗಳವರು ಒಪ್ಪಬಹುದೆಂಬ ಅಂದಾಜು. ಒಂದು ಶಾಲೆಗೆ ಹಣ್ಣು, ಇನ್ನೊಂದಕ್ಕೆ ಇಲ್ಲ ಎಂದುಕೊಂಡಿದ್ದೇನೆ. ಹಣ್ಣು ತರಿಸುವುದು ಒಂದೇ ಕಡೆಯಾದರೆ ಸುಲಭ ಎಂಬುದು ಇದಕ್ಕೆ ಕಾರಣ. ಮೊದಲ ಓದು ನೋಡಿ ಆಯ್ಕೆ ಮಾಡುವುದಿಲ್ಲ. 8 ಗ್ರಾಂಗಿಂತ ಕಡಿಮೆ ಇದ್ದವರನ್ನು ಮಾತ್ರ ಚಿಕಿತ್ಸೆಗೆ ಕಳಿಸಿ ಅಧ್ಯಯನದಿಂದ ಬಿಡುತ್ತೇವೆ.

ಅಳತೆ: ಡಿಜಿಟಲ್ ಮೀಟರ್, ಬೆರಳಿನ ರಕ್ತ, ಆರಂಭದಲ್ಲಿ ಒಮ್ಮೆ, ಕೊನೆಗೆ ಒಮ್ಮೆ. ಎರಡೂ ಸಲ ನಾನೇ ಅಳೆಯುತ್ತೇನೆ, ಆದ್ದರಿಂದ ಯಾವ ಗುಂಪೆಂದು ನನಗೆ ಗೊತ್ತಿರುತ್ತದೆ. ಪ್ರತಿ ವಾರ ಮಾತ್ರೆ ನುಂಗಿದ್ದನ್ನು ಟೀಚರ್ ಗುರುತು ಹಾಕುತ್ತಾರೆ.

ಅಂದಾಜುಗಳು: ಮಾನಕ ವಿಚಲನೆ 1.2 ಗ್ರಾಂ (ನಮ್ಮ ವಿಭಾಗದ ಹಿಂದಿನ ಥೀಸಿಸ್). ಕನಿಷ್ಠ 0.5 ಗ್ರಾಂ ವ್ಯತ್ಯಾಸವಿದ್ದರೆ ಉಪಯುಕ್ತ ಎಂಬುದು ನಮ್ಮ ಅಭಿಪ್ರಾಯ. 16 ವಾರದಲ್ಲಿ ನೂರಕ್ಕೆ 15 ಜನ ಬಿಟ್ಟುಹೋಗಬಹುದು.

ಮಿತಿಗಳು: ಮೀಟರ್ ಒಂದೇ. ಅದರ ಪರೀಕ್ಷಾ ಪಟ್ಟಿಗಳ ಖರ್ಚು ನೋಡಿದರೆ ಹೆಚ್ಚೆಂದರೆ 300 ಅಳತೆ ಸಾಧ್ಯ. ಇನ್ನೆರಡು ಶಾಲೆ ಸೇರಿಸಬಹುದು, ಅದಕ್ಕಿಂತ ಹೆಚ್ಚು ಕಷ್ಟ.

ನನ್ನ ಪ್ರಶ್ನೆಗಳು ಮೂರು. ಈ ಹಂಚಿಕೆಯಿಂದ ನನ್ನ ಪ್ರಶ್ನೆಗೆ ಉತ್ತರ ಸಿಗುತ್ತದೆಯೇ, ಇಲ್ಲದಿದ್ದರೆ ಇದೇ ಮಕ್ಕಳಲ್ಲಿ ಹೇಗೆ ಹಂಚಬಹುದು? 120 ಸಾಕೇ? ಮೊದಲ ಓದನ್ನು ವಿಶ್ಲೇಷಣೆಯಲ್ಲಿ ಹೇಗೆ ಬಳಸಬೇಕು? ಡೇಟಾ ಶೀಟ್ ಮತ್ತು ಖಾಲಿ ಫಲಿತಾಂಶದ ಕೋಷ್ಟಕ ಲಗತ್ತಿಸಿದ್ದೇನೆ. ತಮಗೆ ಅನುಕೂಲವಾದ ದಿನ ಅರ್ಧ ಗಂಟೆ ಬಂದು ಕಾಣಬಹುದೇ? ವಂದನೆಗಳೊಂದಿಗೆ.

ಇದರಲ್ಲಿ "ಯಾವ ಟೆಸ್ಟ್ ಹಾಕಬೇಕು" ಎಂಬ ಪ್ರಶ್ನೆಯೇ ಇಲ್ಲ ಎಂಬುದನ್ನು ಗಮನಿಸಿ. ವಿನ್ಯಾಸ ನಿಂತ ಮೇಲೆ ಟೆಸ್ಟ್ ತಾನಾಗಿ ಹೊರಬರುತ್ತದೆ. ಮಿತಿಗಳನ್ನು ಬರೆದದ್ದು ಇನ್ನೊಂದು ಒಳ್ಳೆಯ ಕೆಲಸ. ಮೀಟರ್ ಒಂದೇ, ಶಾಲೆ ನಾಲ್ಕಕ್ಕಿಂತ ಹೆಚ್ಚಿಲ್ಲ ಎಂದು ತಿಳಿಯದಿದ್ದರೆ ತಜ್ಞರು ಪುಸ್ತಕದ ಪ್ರಕಾರ ಸರಿಯಾದ, ಆದರೆ ಮಾಡಲಾಗದ ಸಲಹೆ ಕೊಡುತ್ತಾರೆ.

ಲಗತ್ತುಗಳು ಎರಡೇ ಇರಲಿ. ಡೇಟಾ ಶೀಟ್ ಎಂದರೆ ಎಕ್ಸೆಲ್‌ನಲ್ಲಿ ಒಂದು ಸಾಲು ತಲೆಬರಹ, ಕೆಳಗೆ ಎರಡು ಮೂರು ಕಾಲ್ಪನಿಕ ಸಾಲು. ಒಬ್ಬ ಹುಡುಗಿಗೆ ಒಂದು ಸಾಲು, ಹೆಸರಿನ ಬದಲು ಸಂಕೇತ ಸಂಖ್ಯೆ.

```
id,school,section,group,hb0,hb1,tablets
A07,1,8B,1,11.2,11.9,15
```

ಇಲ್ಲಿ `hb0` ಮೊದಲ ಓದು, `hb1` ಕೊನೆಯ ಓದು, `tablets` ನುಂಗಿದ ಮಾತ್ರೆಗಳು. ಇದನ್ನು ನೋಡಿದ ತಕ್ಷಣ ಅನುಭವಿಗಳಿಗೆ ಶಾಲೆ, ಸೆಕ್ಷನ್ ಎಂಬ ಪದರಗಳಿವೆ ಎಂದು ತಿಳಿಯುತ್ತದೆ. ಖಾಲಿ ಕೋಷ್ಟಕವೆಂದರೆ ಥೀಸಿಸ್‌ನಲ್ಲಿ ಮುಂದೆ ಬರಬೇಕಾದ ಮುಖ್ಯ ಕೋಷ್ಟಕವನ್ನು ಅಂಕಿಗಳಿಲ್ಲದೆ ಈಗಲೇ ಬರೆದಿಡುವುದು. ಅದನ್ನು ಬರೆಯಲು ಕೂತಾಗ ನಿಮಗೇ ನಿಮ್ಮ ಪ್ರಶ್ನೆ ಎಲ್ಲಿ ಮಸುಕಾಗಿದೆ ಎಂದು ಕಾಣುತ್ತದೆ.

ಉತ್ತರ ಹೇಗೆ ಬದಲಾಗುತ್ತದೆ

ಈ ಇಮೇಲ್ ಓದಿದವರು ಮೊದಲು ಹೇಳುವ ಮಾತು: ಶಾಲೆಗೊಂದು ಹಣ್ಣು ಬೇಡ. ಶಾಲೆಗಳನ್ನೇ ಹಂಚುವುದಾದರೆ ಎಷ್ಟು ಬೇಕೆಂದು ಲೆಕ್ಕ ಹಾಕಿ ತೋರಿಸುತ್ತಾರೆ. ಸಾಮಾನ್ಯ ಸೂತ್ರ ಇದು. ಇಲ್ಲಿ σ ಎಂದರೆ ಮಾನಕ ವಿಚಲನೆ, δ ಎಂದರೆ ಕಂಡುಹಿಡಿಯಬೇಕೆಂದಿರುವ ವ್ಯತ್ಯಾಸ.

```
n = 2 × (1.96 + 0.84)² × σ² / δ²
```

1.2 ಮತ್ತು 0.5 ಹಾಕಿದರೆ ಗುಂಪಿಗೆ 91 ಬರುತ್ತದೆ. ನಿಜವಾಗಿ 0.5 ಗ್ರಾಂ ವ್ಯತ್ಯಾಸವಿದ್ದರೆ ನೂರರಲ್ಲಿ 80 ಸಲ ಅದನ್ನು ಹಿಡಿಯುವಷ್ಟು ಶಕ್ತಿ ಇದಕ್ಕಿದೆ. ಆದರೆ ಒಂದೇ ಶಾಲೆಯ ಮಕ್ಕಳು ಒಂದೇ ಊಟ, ಒಂದೇ ನೀರು, ಒಂದೇ ಊರಿನವರು. ಅವರ ಹಿಮೋಗ್ಲೋಬಿನ್ ಒಂದಕ್ಕೊಂದು ಸ್ವಲ್ಪ ಹೋಲುತ್ತದೆ. ಈ ಹೋಲಿಕೆಯ ಪ್ರಮಾಣ 0.05 ಎಂದಿಟ್ಟುಕೊಂಡು ಶಾಲೆಗೆ 20 ಮಕ್ಕಳನ್ನು ತೆಗೆದುಕೊಂಡರೆ 1 + 19 × 0.05, ಅಂದರೆ 1.95 ಪಟ್ಟು ಮಕ್ಕಳು ಬೇಕು. ಗುಂಪಿಗೆ ಸುಮಾರು 177, ಎಂದರೆ 9 ಶಾಲೆ. ಎರಡು ಗುಂಪಿಗೆ 18 ಶಾಲೆ. ನಾಲ್ಕು ಶಾಲೆ ದಾಟಲಾಗದು ಎಂದು ವಿದ್ಯಾರ್ಥಿನಿ ಬರೆದಿದ್ದರಿಂದ ಈ ದಾರಿ ಅಲ್ಲಿಗೇ ಮುಚ್ಚಿತು.

ಇನ್ನೊಂದು ದಾರಿ, ಎರಡೂ ಶಾಲೆಗಳಲ್ಲಿ, ಪ್ರತಿ ಸೆಕ್ಷನ್ನಿನ ಒಳಗೆ, ಹುಡುಗಿಯರನ್ನೇ ಲಾಟರಿಯಿಂದ ಎರಡು ಗುಂಪು ಮಾಡುವುದು. ಆಗ ಶಾಲೆಯ ಊಟವಿರಲಿ, ಶಿಸ್ತಿನ ಟೀಚರಿರಲಿ, ಎರಡೂ ಗುಂಪಿಗೆ ಸಮಾನ. ಇದಕ್ಕೆ ಮೊದಲ ಓದಿನ ನೆರವೂ ಸಿಗುತ್ತದೆ. ಒಬ್ಬಳ ಮೊದಲ ಮತ್ತು ಕೊನೆಯ ಓದಿನ ನಡುವೆ 0.7ರಷ್ಟು ಸಹಸಂಬಂಧ ಇದ್ದು, ವಿಶ್ಲೇಷಣೆಯಲ್ಲಿ ಮೊದಲ ಓದನ್ನು ಸೇರಿಸಿಕೊಂಡರೆ ಬೇಕಾದ ಸಂಖ್ಯೆ 1 − 0.49, ಅಂದರೆ 0.51 ಪಟ್ಟಿಗೆ ಇಳಿಯುತ್ತದೆ. 91 ಇದ್ದದ್ದು 47 ಆಯಿತು. ನೂರಕ್ಕೆ 15 ಜನ ಬಿಟ್ಟುಹೋಗುವ ಲೆಕ್ಕ ಸೇರಿಸಿದರೆ 56. ಎರಡು ಗುಂಪಿಗೆ 112. ವಿದ್ಯಾರ್ಥಿನಿಯ ಕೈಯಲ್ಲಿರುವುದು 120. ಆರಂಭಕ್ಕೆ 120, ಕೊನೆಗೆ ಉಳಿದವರು, ಎಲ್ಲ ಸೇರಿದರೂ 300 ಅಳತೆಯ ಮಿತಿಯೊಳಗೇ ಮುಗಿಯುತ್ತದೆ.

ಅದೇ ಶಾಲೆ, ಅದೇ ಮಕ್ಕಳು, ಅದೇ ಖರ್ಚು. ಒಂದು ಹಂಚಿಕೆಯಲ್ಲಿ ಉತ್ತರ ಸಿಗುವಂತಿರಲಿಲ್ಲ, ಇನ್ನೊಂದರಲ್ಲಿ ಸಿಗುತ್ತದೆ. ಇದನ್ನು ಸಾಧ್ಯವಾಗಿಸಿದ್ದು ಇಮೇಲ್‌ನಲ್ಲಿದ್ದ ಒಂದು ನಿಜವಾದ ವಾಕ್ಯ, "ಒಂದು ಶಾಲೆಗೆ ಹಣ್ಣು, ಇನ್ನೊಂದಕ್ಕೆ ಇಲ್ಲ".

ಹೊಸ ದಾರಿಯಲ್ಲಿ ಹೊಸ ತೊಡಕುಗಳೂ ಇವೆ. ಒಂದೇ ಬೆಂಚಿನಲ್ಲಿ ಒಬ್ಬಳಿಗೆ ಹಣ್ಣು, ಪಕ್ಕದವಳಿಗೆ ಇಲ್ಲ ಎಂದರೆ ಹಂಚಿಕೊಂಡು ತಿನ್ನುತ್ತಾರೆ. ಹಂಚಿಕೊಳ್ಳದಿದ್ದರೆ ಬೇಸರಪಡುತ್ತಾರೆ. ಅದಕ್ಕೆ ಸಂಖ್ಯಾಶಾಸ್ತ್ರಜ್ಞರು ಮತ್ತು ಗೈಡ್ ಸೇರಿ ಕಂಡುಕೊಳ್ಳಬಹುದಾದ ಉಪಾಯ, ಇನ್ನೊಂದು ಗುಂಪಿಗೆ ಬಾಳೆಹಣ್ಣು ಕೊಡುವುದು. ಅದರಲ್ಲಿ ವಿಟಮಿನ್ ಸಿ ತೀರಾ ಕಡಿಮೆ. ಎಲ್ಲರಿಗೂ ಒಂದು ಹಣ್ಣು ಸಿಕ್ಕಿತು, ಬಿಸಿಯೂಟ ಮುಗಿದ ಮೇಲೆ ಎದುರಿಗೇ ತಿನ್ನಿಸಿದರೆ ಅದಲುಬದಲೂ ತಪ್ಪಿತು. ಕೊನೆಯ ಅಳತೆಯನ್ನು ಗುಂಪಿನ ಪಟ್ಟಿ ನೋಡದ ಸಹಪಾಠಿಯೊಬ್ಬಳು ಮಾಡಿದರೆ ಅಳೆಯುವವರ ಮನಸ್ಸಿನ ಒಲವೂ ಹೊರಗುಳಿಯುತ್ತದೆ. ಲಾಟರಿಯ ಪಟ್ಟಿಯನ್ನು ವಿದ್ಯಾರ್ಥಿನಿಯ ಬದಲು ಬೇರೆಯವರು ಕಂಪ್ಯೂಟರ್‌ನಲ್ಲಿ ತಯಾರಿಸಿ, ಒಪ್ಪಿಗೆ ಪತ್ರ ಸಹಿಯಾಗಿ ಮೊದಲ ಅಳತೆ ಮುಗಿದ ಮೇಲಷ್ಟೇ ತೆರೆಯಬೇಕು.

ಆಮೇಲೆ ಬರುವುದು ಕಹಿ ಪ್ರಶ್ನೆ. 0.5 ಗ್ರಾಂ ಎಂಬ ಅಂಕಿ ಎಲ್ಲಿಂದ ಬಂತು? ಶಾಂಘೈನ ಆಸ್ಪತ್ರೆಯೊಂದರಲ್ಲಿ ಕಬ್ಬಿಣದ ಕೊರತೆಯಿಂದ ರಕ್ತಹೀನತೆ ಇದ್ದ 440 ವಯಸ್ಕರ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕಬ್ಬಿಣದ ಮಾತ್ರೆಯ ಜೊತೆ ವಿಟಮಿನ್ ಸಿ ಸೇರಿಸಿದ್ದರಿಂದ ಹಿಮೋಗ್ಲೋಬಿನ್ ಏರಿಕೆಯಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ವಾರಕ್ಕೊಂದೇ ಮಾತ್ರೆಯ ಜೊತೆ ಒಂದೇ ಹಣ್ಣಿನಿಂದ 0.5 ನಿರೀಕ್ಷಿಸುವುದು ಆಸೆಯೇ ಹೆಚ್ಚು. ವ್ಯತ್ಯಾಸ 0.3 ಎಂದಿಟ್ಟರೆ ಅದೇ ಲೆಕ್ಕದಲ್ಲಿ ಗುಂಪಿಗೆ 151, ಒಟ್ಟು 302 ಹುಡುಗಿಯರು, ಅಳತೆಗಳು ಅದರ ಇಮ್ಮಡಿಗೆ ಹತ್ತಿರ. ಸಹಸಂಬಂಧ 0.7 ಆಗದೆ 0.5 ಆದರೆ, 0.5 ಗ್ರಾಂಗೂ ಗುಂಪಿಗೆ 80 ಬೇಕು.

ಇಲ್ಲಿ ತೀರ್ಮಾನ ವಿದ್ಯಾರ್ಥಿನಿ ಮತ್ತು ಗೈಡ್‌ದೇ. ಹಣ್ಣನ್ನು ವಾರಕ್ಕೊಂದರ ಬದಲು ದಿನವೂ ಕೊಡಬಹುದು, ಊಟದ ಕಬ್ಬಿಣಾಂಶ ಹೀರಿಕೆಯಾಗಲೂ ಅದು ನೆರವಾಗುತ್ತದೆ. ಇನ್ನೆರಡು ಶಾಲೆ ಸೇರಿಸಿ ಪರೀಕ್ಷಾ ಪಟ್ಟಿಗಳ ಹಣಕ್ಕೆ ವಿಭಾಗವನ್ನು ಕೇಳಬಹುದು. ಅಥವಾ 120ರಲ್ಲೇ ಮಾಡಿ, ಇದು ದೊಡ್ಡ ಪರಿಣಾಮವನ್ನಷ್ಟೇ ಹಿಡಿಯಬಲ್ಲ ಅಧ್ಯಯನ ಎಂದು ಥೀಸಿಸ್‌ನಲ್ಲಿ ಮೊದಲೇ ಬರೆದಿಡಬಹುದು. ನನ್ನ ಆಯ್ಕೆ ಮೊದಲನೆಯದು. ಮಾಡಬಾರದ ಒಂದೇ ಕೆಲಸವೆಂದರೆ, ಕೈಲಿರುವ 120 ಸರಿಹೊಂದಲೆಂದು ವ್ಯತ್ಯಾಸವನ್ನು ಹಿಗ್ಗಿಸಿ ಬರೆಯುವುದು. "ಸ್ಯಾಂಪಲ್ ಸೈಜ್ ಇಷ್ಟು ಬರುವ ಹಾಗೆ ಮಾಡಿಕೊಡಿ" ಎಂಬ ಬೇಡಿಕೆಯನ್ನು ಯಾವ ಇಮೇಲ್‌ನಲ್ಲೂ ಬರೆಯಬೇಡಿ.

ಭೇಟಿಯ ನಂತರ

ಮಾತಾಡಿ ಬಂದ ದಿನವೇ ಇನ್ನೊಂದು ಚಿಕ್ಕ ಇಮೇಲ್ ಕಳಿಸಿ. ಏನು ತೀರ್ಮಾನವಾಯಿತು, ಯಾವ ಅಂಕಿ ಊಹೆ, ಯಾವುದು ನೀವು ಹುಡುಕಿ ತಿಳಿಸಬೇಕು ಎಂದು ಐದಾರು ಸಾಲು. "ಸೆಕ್ಷನ್ ಒಳಗೆ ಲಾಟರಿ, ಮುಖ್ಯ ಅಳತೆ 16ನೇ ವಾರದ ಹಿಮೋಗ್ಲೋಬಿನ್, ಮೊದಲ ಓದು ಮತ್ತು ಶಾಲೆಯನ್ನು ಸೇರಿಸಿ ವಿಶ್ಲೇಷಣೆ, ಮಾತ್ರೆ ತಪ್ಪಿಸಿದವರನ್ನೂ ಅವರವರ ಗುಂಪಿನಲ್ಲೇ ಎಣಿಸುವುದು" ಎಂದು ಬರೆದಿಟ್ಟರೆ ಎಂಟು ತಿಂಗಳ ನಂತರ ಇಬ್ಬರಿಗೂ ನೆನಪಿನ ಮೇಲೆ ಹೊರೆಯಿಲ್ಲ. ಫಲಿತಾಂಶ ನೋಡಿದ ಮೇಲೆ ಮುಖ್ಯ ಅಳತೆಯನ್ನು ಬದಲಿಸುವ ಆಸೆ ಬಂದರೂ ಈ ಸಾಲುಗಳು ತಡೆಯುತ್ತವೆ.

ಮಧ್ಯೆ ಏನಾದರೂ ಕೆಟ್ಟರೆ, ಮೀಟರ್ ಹಾಳಾಗಿ ಬೇರೆ ತಂದರೆ, ಒಂದು ಶಾಲೆಯಲ್ಲಿ ಮಾತ್ರೆಯ ಸರಬರಾಜು ನಿಂತರೆ, ಅಂದೇ ತಿಳಿಸಿ. ದಸರಾ ರಜೆ 16 ವಾರದೊಳಗೆ ಬೀಳುವಂತಿದ್ದರೆ ಮೊದಲೇ ತಿಳಿಸಿ. ಸಲಹೆ ಕೊಟ್ಟವರ ಹೆಸರನ್ನು ಕೃತಜ್ಞತೆಯಲ್ಲಿ ಹಾಕುವ ಮುನ್ನ ಅವರನ್ನು ಕೇಳಿ. ವಿನ್ಯಾಸ, ವಿಶ್ಲೇಷಣೆ ಎರಡನ್ನೂ ಅವರೇ ಮಾಡಿದ್ದರೆ ಪ್ರಬಂಧದಲ್ಲಿ ಸಹಲೇಖಕರಾಗುವ ಮಾತನ್ನು ಆರಂಭದಲ್ಲೇ ಆಡಿ ಮುಗಿಸಿ.

ನಿಮ್ಮ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರಜ್ಞರಿಲ್ಲದಿದ್ದರೆ ಹತ್ತಿರದ ವೈದ್ಯಕೀಯ ಕಾಲೇಜಿನ ಸಮುದಾಯ ವೈದ್ಯಕೀಯ ವಿಭಾಗ, ವಿಶ್ವವಿದ್ಯಾಲಯದ ಸಂಖ್ಯಾಶಾಸ್ತ್ರ ವಿಭಾಗ, ಕೃಷಿ ವಿಶ್ವವಿದ್ಯಾಲಯದ ಕೃಷಿ ಸಂಖ್ಯಾಶಾಸ್ತ್ರ ವಿಭಾಗಗಳಲ್ಲಿ ವಿಚಾರಿಸಿ. ಪರಿಚಯವಿಲ್ಲವೆಂದು ಹಿಂಜರಿಯಬೇಡಿ. ಮೇಲಿನಂಥ ಒಂದು ಪುಟವನ್ನು ಈ ವಾರವೇ ಬರೆದು ಗೈಡ್‌ಗೆ ತೋರಿಸಿ, ಶಾಲೆಯ ಹೆಡ್‌ಮಾಸ್ಟರ್ ಹತ್ತಿರ ದಿನಾಂಕ ಕೇಳುವ ಮುಂಚೆ ಕಳಿಸಿಬಿಡಿ.